ಟಿ-ಟೆಸ್ಟ್ ಹೋಂವರ್ಕ್ ತಿದ್ದುವಾಗ ಪದೇ ಪದೇ ಕೇಳುವ ಪ್ರಶ್ನೆಗಳು: ತಪ್ಪು ಟೆಸ್ಟ್, ತಪ್ಪಾಗಿ ಓದಿದ ಪಿ-ಮೌಲ್ಯ

ಹೈಪಾಥೆಸಿಸ್ ಟೆಸ್ಟಿಂಗ್ ಹೋಂವರ್ಕಿನಲ್ಲಿ ಕೂಡಿಸಿ ಕಳೆಯುವ ತಪ್ಪು ಈಗ ಕಡಿಮೆ. ಆ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ತಪ್ಪಾಗುವುದು ಲೆಕ್ಕದ ಆಚೀಚೆ: ಶುರುವಿನಲ್ಲಿ ಟೆಸ್ಟ್ ಆರಿಸುವಾಗ, ಕೊನೆಯಲ್ಲಿ ಪಿ-ಮೌಲ್ಯವನ್ನು ಮಾತಿನಲ್ಲಿ ಬರೆಯುವಾಗ. ಈ ಎರಡೂ ತಪ್ಪು ಒಟ್ಟಿಗೇ ಇರುವ ಒಂದು ಉತ್ತರವನ್ನು ಹಿಡಿದುಕೊಂಡು, ತಿದ್ದುವವರೂ ತಿದ್ದಿಸಿಕೊಂಡವರೂ ಸಾಮಾನ್ಯವಾಗಿ ಕೇಳುವುದನ್ನು ಇಲ್ಲಿ ಬಿಡಿಸಿದ್ದೇನೆ. ಉತ್ತರ ಹೀಗಿದೆ:

"t = −1.86, p = 0.079. ಇದು 0.05ಕ್ಕಿಂತ ಹೆಚ್ಚು. ನಲ್ ಹೈಪಾಥೆಸಿಸ್ ನಿಜವಾಗಿರುವ ಸಂಭವನೀಯತೆ 7.9%. ಆದ್ದರಿಂದ ಎರಡು ಔಷಧಗಳ ನಡುವೆ ವ್ಯತ್ಯಾಸವಿಲ್ಲ ಎಂದು ಸಾಬೀತಾಯಿತು."

ಇದು ಯಾವ ಲೆಕ್ಕ? ದತ್ತಾಂಶ ಎಲ್ಲಿಯದು?

ಹತ್ತು ಜನ ರೋಗಿಗಳು, ನಿದ್ದೆಗೆ ಕೊಟ್ಟ ಎರಡು ಔಷಧಗಳು. ಔಷಧವಿಲ್ಲದ ರಾತ್ರಿಗಳಿಗಿಂತ ಎಷ್ಟು ಗಂಟೆ ಹೆಚ್ಚು ನಿದ್ದೆ ಬಂತು ಎಂಬುದು ಅಳತೆ. ಕುಶ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ ಈ ಅಂಕಿಗಳನ್ನು ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ ಲೇಖನಕ್ಕೆ ಉದಾಹರಣೆಯಾಗಿ ಬಳಸಿದರು. ಇವತ್ತು ನಾವು ಟಿ-ಟೆಸ್ಟ್ ಎನ್ನುವುದು ಆ ಲೇಖನದಿಂದಲೇ ಬಂದದ್ದು. ಆರ್ ಸಾಫ್ಟ್‌ವೇರಿನಲ್ಲಿ ಇದು `sleep` ಎಂಬ ಹೆಸರಿನಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಹೋಂವರ್ಕಿಗೆ ಕೊಡುವವರಿಗೂ ಸುಲಭ, ತಪ್ಪು ಮಾಡುವವರಿಗೂ ಸುಲಭ.

```r
d1 <- c(0.7,-1.6,-0.2,-1.2,-0.1,3.4,3.7,0.8,0.0,2.0)
d2 <- c(1.9, 0.8, 1.1, 0.1,-0.1,4.4,5.5,1.6,4.6,3.4)
```

ಮೊದಲ ಔಷಧದ ಸರಾಸರಿ 0.75 ಗಂಟೆ, ಎರಡನೆಯದರದು 2.33. ವ್ಯತ್ಯಾಸ 1.58 ಗಂಟೆ, ಅಂದರೆ ಸುಮಾರು ಒಂದೂವರೆ ಗಂಟೆ ನಿದ್ದೆ. ನಿದ್ದೆ ಬಾರದವರನ್ನು ಕೇಳಿದರೆ ಇದು ಸಣ್ಣದಲ್ಲ ಎನ್ನುತ್ತಾರೆ.

ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನೇ ಬರೆದಿದ್ದಾರಲ್ಲ, ತಪ್ಪು ಎಲ್ಲಿದೆ?

`t.test(d1, d2)` ಎಂದರೆ ಆರ್ ನಿಜವಾಗಿಯೂ t = −1.8608, p = 0.07939 ಎಂದೇ ಕೊಡುತ್ತದೆ. ಅಂಕಿ ಸರಿ, ಕೇಳಿದ ಪ್ರಶ್ನೆ ಬೇರೆ. ಆ ಆದೇಶ ಕೇಳುವುದು ಹೀಗೆ: "ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹತ್ತು ಜನ ಒಂದು ಕಡೆ, ಬೇರೆ ಹತ್ತು ಜನ ಇನ್ನೊಂದು ಕಡೆ, ಇವರ ಸರಾಸರಿಗಳು ಬೇರೆಯೇ?" ಇಲ್ಲಿ ಇಪ್ಪತ್ತು ಜನ ಇಲ್ಲ. ಇರುವುದು ಹತ್ತೇ ಜನ, ಪ್ರತಿಯೊಬ್ಬರೂ ಎರಡೂ ಔಷಧ ತೆಗೆದುಕೊಂಡಿದ್ದಾರೆ. ಬೇಕಾದದ್ದು ಜೋಡಿ ಟಿ-ಟೆಸ್ಟ್:

```r
t.test(d1, d2, paired = TRUE)
```

ಈಗ t = −4.0621, ಡಿಗ್ರೀಸ್ ಆಫ್ ಫ್ರೀಡಂ 9, p = 0.002833. ಅದೇ ಹತ್ತು ಜನ, ಅದೇ ಇಪ್ಪತ್ತು ಅಂಕಿ, ತೀರ್ಮಾನ ಮಾತ್ರ ತಿರುವುಮುರುವು.

ದತ್ತಾಂಶವನ್ನು `sleep` ಎಂದೇ ತೆರೆದವರಿಗೆ ಇನ್ನೊಂದು ಮೋಸ ಕಾದಿರುತ್ತದೆ. ಅದರಲ್ಲಿ `group` ಎಂಬ ಕಾಲಂ ಇದೆ, ಬೆಲೆ 1 ಮತ್ತು 2. ನೋಡಿದವರಿಗೆ ಎರಡು ಗುಂಪು ಎನಿಸುವುದು ಸಹಜ. ಈ ಹೆಸರು ದಾರಿ ತಪ್ಪಿಸಬಹುದು ಎಂದು ಆರ್‌ನ ಸಹಾಯ ಪುಟವೇ ಎಚ್ಚರಿಸುತ್ತದೆ. ಪಕ್ಕದಲ್ಲೇ `ID` ಎಂಬ ಕಾಲಂ ಇದ್ದು, 1ರಿಂದ 10ರವರೆಗೆ ಎರಡು ಸಲ ಬರುತ್ತದೆ. ಒಂದೇ ಗುರುತು ಎರಡು ಸಾಲಿನಲ್ಲಿ ಕಂಡರೆ ಅಲ್ಲೇ ನಿಂತು ಯೋಚಿಸಬೇಕು.

ಸರಾಸರಿ ವ್ಯತ್ಯಾಸ ಎರಡೂ ಟೆಸ್ಟಿನಲ್ಲಿ 1.58 ತಾನೆ? ಪಿ-ಮೌಲ್ಯ ಮಾತ್ರ ಇಷ್ಟು ದೂರ ಯಾಕೆ?

t ಎಂದರೆ ಒಂದು ಭಾಗಾಕಾರ. ಮೇಲೆ ಸರಾಸರಿ ವ್ಯತ್ಯಾಸ, ಕೆಳಗೆ ಆ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್. ಮೇಲಿನದು ಎರಡು ಕಡೆಯೂ ಒಂದೇ, ಬದಲಾಗುವುದು ಕೆಳಗಿನದು.

ಬೇರೆ ಬೇರೆ ಗುಂಪು ಎಂದುಕೊಂಡರೆ ಎರಡೂ ಕಾಲಂಗಳ ವೇರಿಯನ್ಸ್ ಸೇರಿಸಬೇಕು. ಅವು 3.20 ಮತ್ತು 4.01. ಕೂಡಿಸಿ ಹತ್ತರಿಂದ ಭಾಗಿಸಿದರೆ 0.721, ಅದರ ವರ್ಗಮೂಲ 0.849. 1.58 ಅನ್ನು 0.849ರಿಂದ ಭಾಗಿಸಿದರೆ 1.86.

ಜೋಡಿಯಾಗಿ ನೋಡಿದರೆ ಮೊದಲು ಪ್ರತಿ ರೋಗಿಯ ವ್ಯತ್ಯಾಸ ತೆಗೆಯಬೇಕು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವುದು: 1.2, 2.4, 1.3, 1.3, 0.0, 1.0, 1.8, 0.8, 4.6, 1.4. ಇವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್ 1.23, ಅದನ್ನು 10ರ ವರ್ಗಮೂಲದಿಂದ ಭಾಗಿಸಿದರೆ 0.389. 1.58 ÷ 0.389 = 4.06.

ಕೆಳಗಿನ ಅಂಕಿ ಅರ್ಧಕ್ಕೂ ಕಡಿಮೆಯಾಗಿದೆ. ಕಾರಣ ರೋಗಿಗಳಲ್ಲೇ ಇದೆ. ಆರನೆಯವರಿಗೂ ಏಳನೆಯವರಿಗೂ ಯಾವ ಔಷಧ ಕೊಟ್ಟರೂ ಮೂರು ಗಂಟೆಗೂ ಮೀರಿ ನಿದ್ದೆ ಹೆಚ್ಚುತ್ತದೆ. ಎರಡನೆಯವರಿಗೂ ನಾಲ್ಕನೆಯವರಿಗೂ ಮೊದಲ ಔಷಧದಲ್ಲಿ ನಿದ್ದೆ ಕಡಿಮೆಯೇ ಆಯಿತು, ಎರಡನೆಯದರಲ್ಲಿ ಒಂದು ಗಂಟೆಯೂ ಹೆಚ್ಚಲಿಲ್ಲ. ಎರಡು ಕಾಲಂಗಳ ನಡುವಿನ ಕೋರಿಲೇಷನ್ ಸುಮಾರು 0.8. ಮನುಷ್ಯ ಮನುಷ್ಯರ ನಡುವಿನ ಈ ಏರುಪೇರಿಗೂ ಔಷಧಗಳ ಹೋಲಿಕೆಗೂ ಸಂಬಂಧವಿಲ್ಲ. ವ್ಯತ್ಯಾಸ ತೆಗೆದಾಗ ಅದು ಕಳೆದುಹೋಗುತ್ತದೆ. ತಪ್ಪು ಟೆಸ್ಟ್ ಅದನ್ನೆಲ್ಲ ಹಾಗೇ ಉಳಿಸಿಕೊಂಡು, ಔಷಧದ ಪರಿಣಾಮವನ್ನು ಅದರೊಳಗೆ ಮುಳುಗಿಸುತ್ತದೆ.

ಪ್ರಶ್ನೆಪತ್ರಿಕೆಯಲ್ಲಿ 'ಜೋಡಿ' ಎಂದು ಬರೆದಿರುವುದಿಲ್ಲ. ಗುರುತಿಸುವುದು ಹೇಗೆ?

"ಮೊದಲು–ನಂತರ" ಎಂಬ ಪದ ಹುಡುಕುವುದು ಅರ್ಧ ದಾರಿ ಮಾತ್ರ. ಈ ಲೆಕ್ಕದಲ್ಲೇ ಆ ಪದ ಇಲ್ಲ. ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಒಂದಿದೆ: ಎರಡನೆಯ ಕಾಲಂನ ಅಂಕಿಗಳನ್ನು ಮನಸ್ಸಿನಲ್ಲೇ ಕಲಸಿ, ಬೇರೆ ಕ್ರಮದಲ್ಲಿ ಇಡಿ. ಏನಾದರೂ ಮಾಹಿತಿ ಹಾಳಾಯಿತೇ? ಇಲ್ಲಿ ಹಾಳಾಗುತ್ತದೆ. ಏಳನೆಯ ರೋಗಿಯ 3.7ರ ಎದುರು ನಾಲ್ಕನೆಯವರ 0.1 ಬಂದು ಕೂತರೆ ಆ ಸಾಲಿಗೆ ಅರ್ಥವೇ ಇಲ್ಲ. ಹಾಗಾದರೆ ಅದು ಜೋಡಿ ದತ್ತಾಂಶ. ಒಂದು ಕಾಲೇಜಿನ ಹತ್ತು ವಿದ್ಯಾರ್ಥಿಗಳ ಅಂಕ ಒಂದು ಕಾಲಂನಲ್ಲಿ, ಇನ್ನೊಂದು ಕಾಲೇಜಿನ ಹತ್ತು ಜನರದು ಮತ್ತೊಂದರಲ್ಲಿ ಇದ್ದರೆ, ಕಲಸಿದರೂ ಏನೂ ಕೆಡುವುದಿಲ್ಲ. ಅದು ಬೇರೆ ಬೇರೆ ಗುಂಪು.

ಇದೇ ಪರೀಕ್ಷೆ ಉಲ್ಟಾ ತಪ್ಪನ್ನೂ ಹಿಡಿಯುತ್ತದೆ. ಎರಡು ಕಾಲಂಗಳಲ್ಲಿ ಸಮ ಸಂಖ್ಯೆ ಇದೆ ಎಂಬ ಒಂದೇ ಕಾರಣಕ್ಕೆ ಜೋಡಿ ಟೆಸ್ಟ್ ಮಾಡಿದವರ ಉತ್ತರದಲ್ಲಿ, ಒಂದು ಕಾಲಂನ ಕ್ರಮ ಮಾತ್ರ ಬದಲಿಸಿದರೂ ಪಿ-ಮೌಲ್ಯ ಬದಲಾಗುತ್ತದೆ. ಹಾಜರಿ ಪುಸ್ತಕದ ಕ್ರಮಕ್ಕೆ ತಕ್ಕಂತೆ ಬದಲಾಗುವ ತೀರ್ಮಾನವನ್ನು ಯಾರೂ ಒಪ್ಪಬೇಕಾಗಿಲ್ಲ. ಎಕ್ಸೆಲ್‌ನಲ್ಲಿ ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಿದವರ ಜೋಡಿಗಳೂ ಹೀಗೇ ಸದ್ದಿಲ್ಲದೆ ಒಡೆದುಹೋಗಿರುತ್ತವೆ.

ಎಕ್ಸೆಲ್‌ನಲ್ಲಿ ಮಾಡಿದ್ದರೆ ಎಲ್ಲಿ ನೋಡಬೇಕು?

ಕೊನೆಯ ಅಂಕಿಯನ್ನು ನೋಡಿ.

```
=T.TEST(A2:A11, B2:B11, 2, 1)
```

ಕೊನೆಯ 1 ಎಂದರೆ ಜೋಡಿ, 2 ಎಂದರೆ ವೇರಿಯನ್ಸ್ ಸಮ ಇರುವ ಎರಡು ಗುಂಪು, 3 ಎಂದರೆ ವೇರಿಯನ್ಸ್ ಸಮ ಇಲ್ಲದ ಎರಡು ಗುಂಪು. ಅದರ ಹಿಂದಿನ 2 ಎರಡು ಬದಿಯ ಟೆಸ್ಟ್ ಎಂಬುದಕ್ಕೆ. ಈ ದತ್ತಾಂಶಕ್ಕೆ ಕೊನೆಯಲ್ಲಿ 2 ಹಾಕಿದರೂ 3 ಹಾಕಿದರೂ ಉತ್ತರ 0.079ರ ಸುತ್ತಲೇ ಬರುತ್ತದೆ. ಆದ್ದರಿಂದ "ವೇರಿಯನ್ಸ್ ಸಮವೇ ಅಲ್ಲವೇ" ಎಂದು ಒಂದು ಪುಟ ಚರ್ಚಿಸಿದವರು ತಪ್ಪು ಜಾಗದಲ್ಲಿ ಬೆವರು ಸುರಿಸಿದ್ದಾರೆ.

ಆರ್‌ನಲ್ಲಿ `t.test(extra ~ group, data = sleep, paired = TRUE)` ಎಂಬ ಸಾಲು ಹಳೆಯ ನೋಟ್ಸುಗಳಲ್ಲೆಲ್ಲ ಇದೆ. 4.4.0 ಆವೃತ್ತಿಯಿಂದ ಈಚೆಗೆ ಅದು ಎರರ್ ಕೊಡುತ್ತದೆ. ಅದನ್ನು ಕಂಡು ಗಾಬರಿಯಾಗಿ `paired = TRUE` ಅಳಿಸಿದರೆ ಎರರ್ ಹೋಗುತ್ತದೆ, ತಪ್ಪು ಟೆಸ್ಟ್ ಬರುತ್ತದೆ. ಮೇಲೆ ಬರೆದಂತೆ ಎರಡು ಕಾಲಂಗಳನ್ನು ಬೇರೆಯಾಗಿ ಕೊಟ್ಟರೆ ತೊಂದರೆಯಿಲ್ಲ.

p = 0.079 ಎಂದರೆ ನಲ್ ಹೈಪಾಥೆಸಿಸ್ ನಿಜವಾಗಿರುವ ಸಂಭವನೀಯತೆ 7.9% ಅಲ್ಲವೇ?

ಅಲ್ಲ. ಮೊದಲಿಗೆ ಆ ಉತ್ತರವನ್ನೇ ಇನ್ನೊಮ್ಮೆ ಓದಿ. ನಲ್ ನಿಜವಾಗಿರುವ ಸಂಭವನೀಯತೆ ಬರೀ 7.9% ಎಂದು ಒಂದು ಸಾಲು, ಮುಂದಿನ ಸಾಲಿನಲ್ಲೇ ನಲ್ ಸಾಬೀತಾಯಿತು! ಮೊದಲ ಸಾಲನ್ನು ನಂಬಿದವರು ಎರಡನೆಯದನ್ನು ಬರೆಯುವಂತೆಯೇ ಇಲ್ಲ. ತಿದ್ದುವಾಗ ಈ ವಿರೋಧಾಭಾಸವನ್ನು ತೋರಿಸಿದರೆ, ವ್ಯಾಖ್ಯೆಯನ್ನು ಹತ್ತು ಸಲ ಹೇಳುವುದಕ್ಕಿಂತ ಬೇಗ ನಾಟುತ್ತದೆ.

ಪಿ-ಮೌಲ್ಯ ನಿಜವಾಗಿ ಏನು ಎಂಬುದನ್ನು ಈ ದತ್ತಾಂಶದಲ್ಲಿ ಟಿ-ಟೇಬಲ್ ಇಲ್ಲದೆ, ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಹತ್ತು ವ್ಯತ್ಯಾಸಗಳಲ್ಲಿ ಒಂದು ಸೊನ್ನೆ, ಅದನ್ನು ಬಿಡಿ. ಉಳಿದ ಒಂಬತ್ತೂ ಧನ ಸಂಖ್ಯೆ, ಅಂದರೆ ಒಂಬತ್ತೂ ಜನರಿಗೆ ಎರಡನೆಯ ಔಷಧದಲ್ಲೇ ಹೆಚ್ಚು ನಿದ್ದೆ. ಈಗ ಔಷಧಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು *ಇಟ್ಟುಕೊಳ್ಳಿ*. ಹಾಗಿದ್ದರೆ ಯಾವ ಔಷಧ ಮೇಲಾಗುತ್ತದೆ ಎಂಬುದು ಪ್ರತಿ ರೋಗಿಯಲ್ಲೂ ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಒಂಬತ್ತೂ ಒಂದೇ ಕಡೆ ಬೀಳುವ ಸಂಭವನೀಯತೆ 512ರಲ್ಲಿ 1. ಎಲ್ಲವೂ ಇನ್ನೊಂದು ಕಡೆ ಬಿದ್ದಿದ್ದರೂ ಅಷ್ಟೇ ಆಶ್ಚರ್ಯಪಡುತ್ತಿದ್ದೆವು, ಹಾಗಾಗಿ ಎರಡನ್ನೂ ಸೇರಿಸಿದರೆ 512ರಲ್ಲಿ 2. ಅಂದರೆ 0.0039. ಇದೂ ಒಂದು ಪಿ-ಮೌಲ್ಯವೇ, ಸೈನ್ ಟೆಸ್ಟಿನದು.

ಈ ಲೆಕ್ಕದಲ್ಲಿ ನಲ್ ನಿಜವೋ ಸುಳ್ಳೋ ಎಂದು ಎಲ್ಲಿಯೂ ಅಳೆಯಲಿಲ್ಲ. ಮೊದಲ ಹೆಜ್ಜೆಯಲ್ಲೇ ಅದನ್ನು ನಿಜ ಎಂದು ಒಪ್ಪಿಕೊಂಡು, ಅದರೊಳಗೆ ನಿಂತು ದತ್ತಾಂಶ ಎಷ್ಟು ಅಪರೂಪ ಎಂದು ಎಣಿಸಿದೆವು. ನಿಜ ಎಂದು ಇಟ್ಟುಕೊಂಡದ್ದರ ಸಂಭವನೀಯತೆ ಅದೇ ಲೆಕ್ಕದ ಕೊನೆಗೆ ಹೊರಬರಲು ಸಾಧ್ಯವಿಲ್ಲ. ಅದು ಬೇಕಿದ್ದರೆ ದತ್ತಾಂಶ ನೋಡುವ ಮೊದಲು ನಲ್ ಎಷ್ಟು ನಂಬಲರ್ಹವಾಗಿತ್ತು ಎಂಬ ಇನ್ನೊಂದು ಅಂಕಿ ಬೇಕು. ಟಿ-ಟೆಸ್ಟಿಗೆ ಅದನ್ನು ನಾವು ಕೊಟ್ಟೇ ಇಲ್ಲ.

ದಿಕ್ಕು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವಿಧಾನಸಭೆಯನ್ನೇ ನೋಡಿ. ಶಾಸಕರಾಗಿದ್ದರೆ ಅವರ ವಯಸ್ಸು 25 ತುಂಬಿರುವುದು ಖಚಿತ, ಸಂವಿಧಾನದ ನಿಯಮವೇ ಅದು. ಆದರೆ ಕರ್ನಾಟಕದಲ್ಲಿ 25 ತುಂಬಿದ ಯಾರನ್ನೋ ಕಣ್ಣುಮುಚ್ಚಿ ಆರಿಸಿದರೆ ಅವರು ಶಾಸಕರಾಗಿರುವ ಸಂಭವನೀಯತೆ? ಸ್ಥಾನಗಳಿರುವುದೇ 224.

"ಈ ಫಲಿತಾಂಶ ಆಕಸ್ಮಿಕವಾಗಿ ಬಂದಿರುವ ಸಾಧ್ಯತೆ 7.9%" ಎಂದು ಬರೆದರೂ ಅದೇ ತಪ್ಪು, ಬಟ್ಟೆ ಮಾತ್ರ ಬೇರೆ. "ಆಕಸ್ಮಿಕವೇ ಕಾರಣ ಎಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ದೂರದ ಫಲಿತಾಂಶ ಬರುವ ಸಾಧ್ಯತೆ" ಎಂದು ಬರೆದವರಿಗೆ ಪೂರ್ತಿ ಅಂಕ ಕೊಡಿ. "ಇದಕ್ಕಿಂತ ಹೆಚ್ಚು" ಎಂಬುದನ್ನು ಬಿಟ್ಟವರೂ ಬಹಳ, ಅದಕ್ಕೆ ಒಂದು ಗೆರೆ ಎಳೆದರೆ ಸಾಕು.

ಸರಿ, ಆದರೆ p 0.05ಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸವಿಲ್ಲ ಎಂದು ಬರೆಯಬಹುದು ತಾನೆ?

ಬರೆಯುವಂತಿಲ್ಲ. ಆ ತಪ್ಪು ಟೆಸ್ಟಿನ ಔಟ್‌ಪುಟ್‌ನಲ್ಲೇ ಅದಕ್ಕೆ ಸಾಕ್ಷಿಯಿತ್ತು. p ಕೆಳಗಿನ ಸಾಲುಗಳಲ್ಲಿ 95% ಕಾನ್ಫಿಡೆನ್ಸ್ ಇಂಟರ್ವಲ್ ಇರುತ್ತದೆ: −3.37ರಿಂದ 0.21. ಅಂದರೆ ಎರಡನೆಯ ಔಷಧ ಮೂರು ಗಂಟೆಗೂ ಹೆಚ್ಚು ನಿದ್ದೆ ತರುತ್ತದೆ ಎಂಬುದೂ ಈ ದತ್ತಾಂಶಕ್ಕೆ ಒಪ್ಪಿಗೆ, ಏನೂ ವ್ಯತ್ಯಾಸವಿಲ್ಲ ಎಂಬುದೂ ಒಪ್ಪಿಗೆ. ಇಷ್ಟು ಅಗಲದ ಉತ್ತರಕ್ಕೆ "ಗೊತ್ತಾಗಲಿಲ್ಲ" ಎನ್ನಬೇಕು, "ಇಲ್ಲ" ಎನ್ನಬಾರದು. ಬರೆಯಬೇಕಾದ ಸಾಲು: "ನಲ್ ಹೈಪಾಥೆಸಿಸ್ ತಿರಸ್ಕರಿಸಲು ಸಾಕಷ್ಟು ಆಧಾರ ಸಿಗಲಿಲ್ಲ." ಪರೀಕ್ಷೆಗೆ ಉರುಹೊಡೆದ ಸಾಲಿನಂತೆ ಕೇಳಿಸುತ್ತದೆ, ಆದರೂ ಅದರ ಪ್ರತಿ ಪದಕ್ಕೂ ಕೆಲಸವಿದೆ.

ಸರಿಯಾದ ಟೆಸ್ಟಿನಲ್ಲಿ ಇಂಟರ್ವಲ್ −2.46ರಿಂದ −0.70. ಸೊನ್ನೆ ಹೊರಗುಳಿಯಿತು, ಅಗಲವೂ ಅರ್ಧಕ್ಕಿಳಿಯಿತು.

p = 0.0028 ಬಂದರೆ ಪರಿಣಾಮ ತುಂಬಾ ದೊಡ್ಡದು ಎಂದರ್ಥವೇ?

ಇಲ್ಲ. ಪರಿಣಾಮದ ಗಾತ್ರ 1.58 ಗಂಟೆ, ಅದನ್ನು ಗಂಟೆಯಲ್ಲೇ ಹೇಳಿ. ಎರಡು ಟೆಸ್ಟಿನಲ್ಲೂ ಗಾತ್ರ ಅದೇ ಇತ್ತು, p ಮಾತ್ರ ಬೇರೆ.

ಎರಡು ಸ್ಯಾಂಪಲ್ ಟೆಸ್ಟ್ ಇಟ್ಟುಕೊಂಡೇ, ಒಂದು ಬದಿಯ ಟೆಸ್ಟ್ ಮಾಡಿದರೆ 0.0397 ಬರುತ್ತದೆ. ಹಾಗೆ ಸರಿಪಡಿಸಿಕೊಳ್ಳಬಹುದೇ?

ಇದನ್ನು ಕೇಳುವವರು ಜಾಣರು, ಅದಕ್ಕೇ ಹೆಚ್ಚು ಅಪಾಯ. 0.0794ರ ಅರ್ಧ 0.0397, ಅದು 0.05ಕ್ಕಿಂತ ಕಡಿಮೆ. "ಸಿಗ್ನಿಫಿಕೆಂಟ್" ಎಂಬ ಸರಿಯಾದ ತೀರ್ಮಾನಕ್ಕೂ ತಲುಪಿದಂತಾಗುತ್ತದೆ. ಆದರೆ ಎರಡನೆಯ ಔಷಧವೇ ಮೇಲು ಎಂದು ನೋಡಿದ ಮೇಲೆ ಆ ಬದಿಯನ್ನು ಆರಿಸಿದರೆ, ಇನ್ನೊಂದು ಬದಿಗೆ ಬಿದ್ದಿದ್ದರೆ ಅದನ್ನೂ ಆರಿಸುತ್ತಿದ್ದಿರಿ. ಆಗ ಹೇಳಿಕೊಂಡ 5% ತಪ್ಪಿನ ಮಿತಿ ನಿಜದಲ್ಲಿ 10% ಆಗುತ್ತದೆ. ಬದಿ ಯಾವುದು ಎಂಬುದು ಪ್ರಶ್ನೆಯಲ್ಲಿ ಬರೆದಿರಬೇಕು, ದತ್ತಾಂಶದಿಂದ ಹೆಕ್ಕಬಾರದು. ಹತ್ತು ಜನರನ್ನು ಇಪ್ಪತ್ತು ಮಾಡಿದ ಮೂಲ ತಪ್ಪಂತೂ ಇದರಿಂದ ಕದಲುವುದೇ ಇಲ್ಲ.

ಒಂಬತ್ತನೆಯ ರೋಗಿಯ 4.6 ಎದ್ದು ಕಾಣುತ್ತದೆ. ಟಿ-ಟೆಸ್ಟ್ ಮಾಡಬಹುದೇ? ಅವರನ್ನು ತೆಗೆದುಬಿಡಬೇಕೇ?

ಜೋಡಿ ಟೆಸ್ಟಿನಲ್ಲಿ ನಾರ್ಮಲ್ ಹಂಚಿಕೆಯ ಪ್ರಶ್ನೆ ಬರುವುದು ಹತ್ತು ವ್ಯತ್ಯಾಸಗಳಿಗೆ. ಎರಡು ಕಾಲಂಗಳಿಗೆ ಬೇರೆ ಬೇರೆ ಹಿಸ್ಟೋಗ್ರಾಂ ಬರೆದವರು ಬೇಡದ್ದನ್ನು ಪರೀಕ್ಷಿಸಿದ್ದಾರೆ. ವ್ಯತ್ಯಾಸಗಳಲ್ಲಿ 4.6 ನಿಜಕ್ಕೂ ದೂರದಲ್ಲಿದೆ, ಹತ್ತೇ ಅಂಕಿಗಳಿರುವಾಗ ಅದನ್ನು ಗಮನಿಸಿದ ವಿದ್ಯಾರ್ಥಿಯನ್ನು ಮೆಚ್ಚಬೇಕು.

ತೆಗೆದರೆ ಏನಾಗುತ್ತದೆ ಎಂಬುದು ಸ್ವಾರಸ್ಯ. ಸರಾಸರಿ 1.58ರಿಂದ 1.24ಕ್ಕೆ ಇಳಿಯುತ್ತದೆ, ಆದರೂ t 4.06ರಿಂದ 5.66ಕ್ಕೆ *ಏರುತ್ತದೆ*. ಆ ಒಂದು ಅಂಕಿ ಸರಾಸರಿಯನ್ನು ಎತ್ತಿದ್ದಕ್ಕಿಂತ ಹೆಚ್ಚಾಗಿ ಹರಡಿಕೆಯನ್ನು ಹಿಗ್ಗಿಸಿತ್ತು. "ಔಟ್‌ಲೈಯರ್‌ನಿಂದಲೇ ಸಿಗ್ನಿಫಿಕೆಂಟ್ ಬಂತು" ಎಂದು ಲೆಕ್ಕ ಹಾಕದೆ ಬರೆದವರ ಮಾತು ಇಲ್ಲಿ ಸುಳ್ಳಾಗುತ್ತದೆ. ಹಾಗೆಂದು ತೆಗೆಯಲು ಕಾರಣವೂ ಇಲ್ಲ. ಅಳತೆಯಲ್ಲಿ ತಪ್ಪಾಗಿದೆ ಎಂದು ಗೊತ್ತಿಲ್ಲದೆ ರೋಗಿಯನ್ನು ಕೈಬಿಡಬಾರದು. ಅನುಮಾನವಿದ್ದರೆ ರ‍್ಯಾಂಕ್ ಆಧರಿಸಿದ ವಿಲ್ಕಾಕ್ಸನ್ ಟೆಸ್ಟ್ ಮಾಡಿ ಪಕ್ಕದಲ್ಲಿಡಿ:

```r
wilcox.test(d1, d2, paired = TRUE)
```

p = 0.0091. ಒಂದು ಸೊನ್ನೆ ಇದೆ, 1.3 ಎರಡು ಸಲ ಇದೆ, ಹಾಗಾಗಿ ಪಿ-ಮೌಲ್ಯ ಅಂದಾಜಿನದು ಎಂದು ಆರ್ ಎಚ್ಚರಿಕೆ ಕೊಡಬಹುದು. ತೀರ್ಮಾನ ಬದಲಾಗುವುದಿಲ್ಲ.

ಸರಿಯಾದ ಉತ್ತರವನ್ನು ಹೇಗೆ ಬರೆಯಬೇಕು?

"ಪ್ರತಿ ರೋಗಿಯೂ ಎರಡೂ ಔಷಧ ಪಡೆದಿರುವುದರಿಂದ ಜೋಡಿ ಟಿ-ಟೆಸ್ಟ್ ಬಳಸಿದೆ. ಎರಡನೆಯ ಔಷಧದಲ್ಲಿ ನಿದ್ದೆ ಸರಾಸರಿ 1.58 ಗಂಟೆ ಹೆಚ್ಚು (95% ಇಂಟರ್ವಲ್ 0.70ರಿಂದ 2.46; t = 4.06, df = 9, p = 0.003). ಔಷಧಗಳ ನಡುವೆ ವ್ಯತ್ಯಾಸವಿಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಸಾವಿರದಲ್ಲಿ ಸುಮಾರು ಮೂರು ಸಲ ಕಾಣಿಸುತ್ತಿತ್ತು. 5% ಮಟ್ಟದಲ್ಲಿ ನಲ್ ಹೈಪಾಥೆಸಿಸ್ ತಿರಸ್ಕರಿಸುತ್ತೇನೆ."

t ಮುಂದೆ ಮೈನಸ್ ಇದೆಯೋ ಇಲ್ಲವೋ ಎಂಬುದು ಯಾವುದರಿಂದ ಯಾವುದನ್ನು ಕಳೆದಿರಿ ಎಂಬುದರ ಮೇಲಿದೆ. ಅದಕ್ಕೆ ಅಂಕ ಕಳೆಯಬೇಡಿ. ಆದರೆ ಯಾವ ಔಷಧ ಮೇಲು ಎಂದು ಮಾತಿನಲ್ಲಿ ಬರೆದಿರಬೇಕು.

ಟೆಸ್ಟ್ ತಪ್ಪು, ಆದರೆ ಬಂದ ಪಿ-ಮೌಲ್ಯವನ್ನು ಸರಿಯಾಗಿ ಓದಿದ್ದಾರೆ. ಅಂಕ ಕೊಡಬೇಕೇ?

ಓದಿದ ಭಾಗಕ್ಕೆ ಕೊಡಿ. "p = 0.079, 5% ಮಟ್ಟದಲ್ಲಿ ನಲ್ ತಿರಸ್ಕರಿಸಲು ಆಧಾರ ಸಾಲದು" ಎಂದು ಬರೆದವರು ಒಂದೇ ತಪ್ಪು ಮಾಡಿದ್ದಾರೆ, ಅದಕ್ಕೆ ಎರಡು ಸಲ ದಂಡ ಬೇಡ. ಜೋಡಿ ಟೆಸ್ಟ್ ಮಾಡಿ "ನಲ್ ನಿಜವಾಗಿರುವ ಸಾಧ್ಯತೆ 0.28%" ಎಂದು ಬರೆದವರ ವಿಷಯ ಬೇರೆ. ಅವರ ತೀರ್ಮಾನ ಕೀ-ಉತ್ತರಕ್ಕೆ ಹೊಂದುವುದರಿಂದ ಪೆನ್ನು ಸಲೀಸಾಗಿ ಟಿಕ್ ಹಾಕಿ ಮುಂದೆ ಹೋಗುತ್ತದೆ. ನಾನಂತೂ ಅಂಥ ಉತ್ತರದಲ್ಲಿ ಆ ಸಾಲಿನ ಅಂಕ ಕಳೆದು, ಪಕ್ಕದಲ್ಲಿ "ಈ ಲೆಕ್ಕದಲ್ಲಿ ಏನನ್ನು ನಿಜ ಎಂದು ಇಟ್ಟುಕೊಂಡಿರಿ?" ಎಂದು ಬರೆಯುತ್ತೇನೆ.